ಬುಟೀಕ್‌ಗೆ ಗಿವ್‌ಅವೇ ಮಾಡುವುದು ಹೇಗೆ: ಒಂದು ರವಿಕೆ ಹೊಲಿಗೆಯ ಲೆಕ್ಕ

ಶಿರಸಿಯಲ್ಲೋ ಕುಮಟಾದಲ್ಲೋ ಹೊಸದಾಗಿ ಬುಟೀಕ್ ತೆರೆದವರು ಮೊದಲು ಮಾಡುವ ಗಿವ್‌ಅವೇ ಹೆಚ್ಚಾಗಿ ಒಂದೇ ಥರ ಇರುತ್ತದೆ. ಒಂದು ಸೀರೆಯ ಫೋಟೋ, ಕೆಳಗೆ ಮೂರು ಸಾಲು: ಪೇಜ್ ಫಾಲೋ ಮಾಡಿ, ಲೈಕ್ ಒತ್ತಿ, ಮೂವರು ಗೆಳತಿಯರನ್ನು ಟ್ಯಾಗ್ ಮಾಡಿ. ಒಂದು ವಾರದಲ್ಲಿ ಫಾಲೋವರ್ಸ್ ಸರ್ರನೆ ಏರುತ್ತಾರೆ. ಅವರ ಪ್ರೊಫೈಲ್ ಒಂದೊಂದಾಗಿ ತೆರೆದು ನೋಡಿದರೆ ವಿಷಯ ಗೊತ್ತಾಗುತ್ತದೆ. ಊರು ಯಾವುದೋ, ಫೋಟೋ ಇಲ್ಲ, ಪುಟದ ತುಂಬಾ ಬೇರೆ ಬೇರೆ ಅಂಗಡಿಗಳ ಗಿವ್‌ಅವೇ ಪೋಸ್ಟ್‌ಗಳೇ. ಸೀರೆ ಯಾರಿಗೋ ಹೋಗುತ್ತದೆ, ಉಳಿದವರು ಮೆಲ್ಲಗೆ ಜಾಗ ಖಾಲಿ ಮಾಡುತ್ತಾರೆ. ಖಾಲಿ ಮಾಡದೆ ಉಳಿದವರಿಂದಲೂ ತೊಂದರೆಯೇ. ನಿಮ್ಮ ಮುಂದಿನ ಪೋಸ್ಟ್‌ಗಳನ್ನು ಅವರು ನೋಡುವುದಿಲ್ಲ. ಫಾಲೋವರ್ಸೇ ನೋಡದ ಪೋಸ್ಟನ್ನು ಇನ್‌ಸ್ಟಾಗ್ರಾಂ ಬೇರೆಯವರಿಗೆ ತೋರಿಸುವುದೂ ಕಡಿಮೆ.

ಇದಕ್ಕೆ ಪರಿಹಾರ ನಿಯಮ ಬಿಗಿ ಮಾಡುವುದರಲ್ಲಿ ಇಲ್ಲ, ಬಹುಮಾನ ಬದಲಿಸುವುದರಲ್ಲಿ ಇದೆ. ಸೀರೆ, ಬೆಳ್ಳಿ ನಾಣ್ಯ, ಮಿಕ್ಸರ್ ಎಲ್ಲರಿಗೂ ಬೇಕು. ಹಾಗಾಗಿ ಎಲ್ಲರೂ ಬರುತ್ತಾರೆ. ನಿಮ್ಮ ಗಿರಾಕಿಗೆ ಮಾತ್ರ ಬೇಕಾದ, ಉಳಿದವರಿಗೆ ಉಪಯೋಗವೇ ಇಲ್ಲದ ಒಂದು ವಸ್ತು ಯಾವುದು ಅಂತ ಯೋಚಿಸಿ. ಹೊಲಿಗೆ ಮಾಡುವ ಬುಟೀಕ್‌ಗೆ ಉತ್ತರ ಕಣ್ಣೆದುರೇ ಇದೆ: ಅವಳದೇ ಸೀರೆಗೆ, ಅವಳದೇ ಅಳತೆಗೆ ಹೊಲಿದ ಒಂದು ಲೈನಿಂಗ್ ರವಿಕೆ.

ಇದನ್ನು ಗೆಲ್ಲಲು ಮನೆಯಲ್ಲಿ ರವಿಕೆ ಹೊಲಿಸಬೇಕಾದ ಸೀರೆ ಇರಬೇಕು. ಎರಡು ಸಲ ಅಂಗಡಿಗೆ ಬರಬೇಕು, ಒಮ್ಮೆ ಅಳತೆಗೆ, ಒಮ್ಮೆ ತೊಟ್ಟು ನೋಡಿ ಒಯ್ಯಲು. ಬೇರೆ ಯಾರಿಗೂ ಮಾರಲು ಬರುವುದಿಲ್ಲ, ಕೊಡಲೂ ಬರುವುದಿಲ್ಲ. ದೂರದ ಊರಿನ ಪುಕ್ಕಟೆ ಬೇಟೆಗಾರರು ಪೋಸ್ಟ್ ನೋಡಿ ಹಾಗೇ ಮುಂದೆ ಹೋಗುತ್ತಾರೆ. ಅವರನ್ನು ಸೋಸಲು ನೀವು ಬೇರೆ ಕೆಲಸ ಮಾಡಬೇಕಾಗಿಲ್ಲ. ಜೊತೆಗೆ ನಿಮಗೆ ಸಿಗುವುದು ಫಾಲೋವರ್ ಅಲ್ಲ, ಅಳತೆ ಪುಸ್ತಕದಲ್ಲಿ ಒಂದು ಹೊಸ ಪುಟ. ಒಮ್ಮೆ ರವಿಕೆ ಮೈಗೆ ಸರಿಯಾಗಿ ಕೂತರೆ ಹೆಂಗಸರು ಸುಲಭಕ್ಕೆ ಟೇಲರ್ ಬದಲಿಸುವುದಿಲ್ಲ. ಆ ಮೊದಲ ರವಿಕೆಯ ಅವಕಾಶವನ್ನು ನೀವು ದುಡ್ಡು ಕೊಟ್ಟು ಪಡೆಯುತ್ತಿದ್ದೀರಿ.

ಯಾವಾಗ ಮಾಡಬೇಕು

ಆಷಾಢದಲ್ಲಿ. ಆಷಾಢ ಅಂದರೆ ನಮ್ಮಲ್ಲಿ ಡಿಸ್ಕೌಂಟ್ ಅಂತಲೇ ಆಗಿದೆ, ಆದರೆ ನಾನು ಹೇಳುವ ಕಾರಣ ಬೇರೆ. ಆ ತಿಂಗಳು ಮದುವೆ ಇಲ್ಲ, ಮುಂಜಿ ಇಲ್ಲ. ಹೊಲಿಗೆ ಯಂತ್ರದ ಮುಂದೆ ಟೇಲರ್ ಕೈ ಖಾಲಿ ಇರುತ್ತದೆ. ಉಚಿತ ರವಿಕೆ ಹೊಲಿದರೆ ದುಡ್ಡು ಕೊಡುವ ಗಿರಾಕಿಯ ಕೆಲಸ ಹಿಂದೆ ಬೀಳುವುದಿಲ್ಲ. ಇದೇ ಗಿವ್‌ಅವೇಯನ್ನು ಮದುವೆ ಸೀಸನ್ ನಡುವೆ ಇಟ್ಟರೆ ಬಾಕಿ ಕೆಲಸದ ರಾಶಿ ಮೇಲೆ ಇನ್ನೊಂದು ರಾಶಿ ಬೀಳುತ್ತದೆ, ಎರಡೂ ತಡವಾಗುತ್ತವೆ. ಇನ್ನೊಂದು ಅನುಕೂಲ ಗಿರಾಕಿಯ ಕಡೆಯಿಂದ. ಆಷಾಢ ಮುಗಿದ ಮೇಲೆ ವರಮಹಾಲಕ್ಷ್ಮಿ, ಆಮೇಲೆ ಗೌರಿ, ಚೌತಿ. ಸೀರೆ ತೆಗೆದಿಟ್ಟವರು ರವಿಕೆ ಬಗ್ಗೆ ಯೋಚಿಸಲು ಶುರು ಮಾಡುವುದೇ ಆಗ.

ಮಳೆಗಾಲದ ತಾಪತ್ರಯ ಒಂದಿದೆ, ಅದನ್ನು ಮೊದಲೇ ನೋಡಿಕೊಳ್ಳಿ. ಕಾಟನ್ ಲೈನಿಂಗ್ ಬಟ್ಟೆಯನ್ನು ನೀರಲ್ಲಿ ನೆನೆಸಿ ಒಣಗಿಸಿಯೇ ಕತ್ತರಿಸಬೇಕು, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಎಳೆದುಕೊಂಡು ರವಿಕೆ ಸುಕ್ಕಾಗುತ್ತದೆ. ಶಿರಸಿಯ ಮಳೆಯಲ್ಲಿ ಅದು ಒಣಗುವುದು ಯಾವ ಕಾಲಕ್ಕೆ? ಹೆಚ್ಚು ಓಡುವ ಬಣ್ಣಗಳ ಲೈನಿಂಗ್ ಅನ್ನು ಮೇ ತಿಂಗಳ ಬಿಸಿಲಲ್ಲೇ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ ಇಟ್ಟುಕೊಳ್ಳಿ. ಕೆಂಪು, ಕಡುಹಸಿರು, ಬಂಗಾರ ಬಣ್ಣ, ಕ್ರೀಮ್, ಕಪ್ಪು ಇದ್ದರೆ ಹೆಚ್ಚು ಕಡಿಮೆ ನಡೆಯುತ್ತದೆ.

ಎಷ್ಟು ರವಿಕೆ, ಎಷ್ಟು ಖರ್ಚು

ಲೆಕ್ಕಕ್ಕೆ ಶಿರಸಿಯಲ್ಲಿ ಒಂದು ಸಣ್ಣ ಬುಟೀಕ್ ಇದೆ ಅಂತ ಇಟ್ಟುಕೊಳ್ಳೋಣ. ಒಡತಿ ಒಬ್ಬರು, ಟೇಲರ್ ಇಬ್ಬರು. ಇಲ್ಲಿ ಬರುವ ಸಂಖ್ಯೆಗಳೆಲ್ಲ ಊಹೆಯವು, ನಿಮ್ಮ ಅಂಗಡಿಯ ದರ ಹಾಕಿ ನೋಡಿಕೊಳ್ಳಿ. ಲೈನಿಂಗ್ ರವಿಕೆಗೆ ಅಂಗಡಿ ತೆಗೆದುಕೊಳ್ಳುವುದು ₹450. ಅದರಲ್ಲಿ ಟೇಲರ್ ಕೂಲಿ ₹220, ಲೈನಿಂಗ್ ₹70, ಹುಕ್ಕು ದಾರ ಎಲ್ಲ ಸೇರಿ ₹20. ಅಂದರೆ ಒಂದು ರವಿಕೆ ಉಚಿತವಾಗಿ ಕೊಟ್ಟರೆ ಕೈಯಿಂದ ಹೋಗುವುದು ₹310. ದುಡ್ಡು ತೆಗೆದುಕೊಂಡು ಹೊಲಿದರೆ ಉಳಿಯುವುದು ₹140. ಈ ಎರಡು ಅಂಕಿ ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕು.

ಒಟ್ಟು 24 ರವಿಕೆ ಸಾಕು. ಮೂರು ವಾರಕ್ಕೆ ಹಂಚಿದರೆ ವಾರಕ್ಕೆ ಎಂಟು ಬರುತ್ತದೆ, ಇಬ್ಬರು ಟೇಲರ್‌ಗಳಿಗೆ ಅದು ಹೊರೆಯಲ್ಲ. ನೂರು ಕೊಡೋಣ ಅಂತ ಆಸೆಯಾಗುತ್ತದೆ. ಬೇಡ. ಅಷ್ಟು ಜನರ ಅಳತೆಯನ್ನು ಸಮಾಧಾನದಿಂದ ತೆಗೆದುಕೊಳ್ಳಲು ಆಗುವುದಿಲ್ಲ, ಗಡಿಬಿಡಿಯಲ್ಲಿ ಹೊಲಿದ ರವಿಕೆ ಗಿರಾಕಿಯನ್ನು ತರುವ ಬದಲು ಓಡಿಸುತ್ತದೆ.

ಟೇಲರ್‌ಗೆ ಪೂರ್ತಿ ಕೂಲಿ ಕೊಡಿ. ಪುಕ್ಕಟೆ ರವಿಕೆ ಅಲ್ವಾ ಅಂತ ಕೂಲಿ ಕಡಿಮೆ ಮಾಡಿದರೆ ಕೆಲಸದಲ್ಲೇ ಅದು ಕಾಣುತ್ತದೆ. ಹೊಲಿಗೆ ಕಲಿಯುತ್ತಿರುವ ಹುಡುಗಿಯ ಕೈಗೆ ಈ ರವಿಕೆಗಳನ್ನು ಕೊಡುವುದೂ ಬೇಡ. ನಿಮ್ಮಲ್ಲಿ ಚೆನ್ನಾಗಿ ಹೊಲಿಯುವವರು ಯಾರೋ ಅವರೇ ಇದನ್ನು ಹೊಲಿಯಬೇಕು.

ಯಾರ ಕೈಗೆ ತಲುಪಿಸುವುದು

24ರಲ್ಲಿ 14ನ್ನು ಕಾಯಂ ಗಿರಾಕಿಗಳ ಮೂಲಕ ಕೊಡಿ, 10ನ್ನು ಮಾತ್ರ ಫೋನಿನ ಮೂಲಕ. ಇದರಲ್ಲಿ ನನಗೆ ಮೊದಲನೆಯದರ ಮೇಲೆಯೇ ನಂಬಿಕೆ ಜಾಸ್ತಿ.

ವರ್ಷಗಳಿಂದ ನಿಮ್ಮಲ್ಲೇ ಹೊಲಿಸುವ 14 ಜನರನ್ನು ಆರಿಸಿ. ಒಬ್ಬೊಬ್ಬರಿಗೆ ಒಂದೇ ಒಂದು ಕಾರ್ಡ್ ಕೊಡಿ. ಕಾರ್ಡ್ ಮೇಲೆ ಕೊಡುವವರ ಹೆಸರನ್ನು ಕೈಯಲ್ಲೇ ಬರೆಯಿರಿ. "ಅಕ್ಕ, ಇದು ನಿಮಗಲ್ಲ. ನಮ್ಮಲ್ಲಿ ಈವರೆಗೆ ಹೊಲಿಸದೇ ಇದ್ದ ಒಬ್ಬರಿಗೆ ಕೊಡಿ. ಅವರು ಬಂದು ಅಳತೆ ಕೊಟ್ಟ ದಿನ ನಿಮ್ಮ ಒಂದು ಸೀರೆಗೆ ಫಾಲ್-ಪಿಕೊ ನಮ್ಮ ಕಡೆಯಿಂದ" ಅಂತ ಹೇಳಿ. ಒಂದೇ ಕಾರ್ಡ್ ಇದ್ದಾಗ ಆಕೆ ಯೋಚಿಸುತ್ತಾಳೆ. ಟೇಲರ್ ಸರಿ ಇಲ್ಲ ಅಂತ ಮೊನ್ನೆ ಗೊಣಗಿದ ನಾದಿನಿಗೆ ಕೊಡುತ್ತಾಳೆ, ಮಗಳ ಮದುವೆ ಗೊತ್ತಾದ ಪಕ್ಕದ ಮನೆಯವರಿಗೆ ಕೊಡುತ್ತಾಳೆ. ಹತ್ತು ಕಾರ್ಡ್ ಕೊಟ್ಟಿದ್ದರೆ ದಾರಿಯಲ್ಲಿ ಸಿಕ್ಕವರಿಗೆಲ್ಲ ಹಂಚಿಬಿಡುತ್ತಿದ್ದಳು.

ಈ ಫಾಲ್-ಪಿಕೊ ಸಣ್ಣ ವಿಷಯ ಅನ್ನಿಸಬಹುದು. ಖರ್ಚು ₹60 ಅಷ್ಟೇ. ಅದು ಇಲ್ಲದಿದ್ದರೆ ಮಾತ್ರ ಖಂಡಿತ ಒಂದು ದಿನ ಕೌಂಟರ್ ಎದುರು ಕೇಳಬೇಕಾಗುತ್ತದೆ: "ಎಂತ ತಂಗಿ, ಹೊಸಬರಿಗೆ ಪುಕ್ಕಟೆ, ನಮಗೆ ಎಂತದೂ ಇಲ್ವಾ?" ಅವರು ಕೇಳುವುದು ನ್ಯಾಯವೇ. ಗಿವ್‌ಅವೇ ಹೊಸಬರಿಗೆ ಮಾತ್ರ ಇದ್ದರೆ ಹಳಬರ ಮನಸ್ಸು ಮುರಿಯುತ್ತದೆ, ಎಲ್ಲರಿಗೂ ಇದ್ದರೆ ಹಳಬರೇ ಎಲ್ಲ ಒಯ್ಯುತ್ತಾರೆ. ಕಾರ್ಡ್ ಈ ಎರಡರ ನಡುವಿನ ದಾರಿ.

ಉಳಿದ 10ಕ್ಕೆ ವಾಟ್ಸಾಪ್ ಸಾಕು. ಫಾಲೋ, ಲೈಕ್, ಟ್ಯಾಗ್ ಯಾವುದೂ ಬೇಡ. ಟ್ಯಾಗ್ ಮಾಡಿಸುವುದರಲ್ಲಿ ಇನ್ನೊಂದು ತೊಡಕೂ ಇದೆ. ಟೈಮ್‌ಲೈನ್‌ನಲ್ಲಿ ಶೇರ್ ಮಾಡಿ, ಗೆಳೆಯರನ್ನು ಟ್ಯಾಗ್ ಮಾಡಿ ಅಂತ ಷರತ್ತು ಹಾಕುವುದನ್ನು ಫೇಸ್‌ಬುಕ್ ನಿಯಮವೇ ಒಪ್ಪುವುದಿಲ್ಲ. ಪೋಸ್ಟರ್‌ನಲ್ಲಿ, ಸ್ಟೇಟಸ್‌ನಲ್ಲಿ ಈ ರೀತಿಯ ಲಿಂಕ್ ಹಾಕಿ, X ಇರುವಲ್ಲಿ ನಿಮ್ಮ ಅಂಗಡಿಯ ನಂಬರ್ ಬರಲಿ:

```
https://wa.me/91XXXXXXXXXX?text=RAVIKE
```

ಒತ್ತಿದರೆ ಸೀದಾ ನಿಮ್ಮ ಚಾಟ್ ತೆರೆಯುತ್ತದೆ, RAVIKE ಅನ್ನುವ ಪದ ತಯಾರಾಗಿ ಕೂತಿರುತ್ತದೆ. ಅವರು ಕಳಿಸಿದ ಮೇಲೆ ನೀವು ಮೂರು ಪ್ರಶ್ನೆ ಕೇಳಿ. ವಾಟ್ಸಾಪ್ ಬಿಸಿನೆಸ್ ಆ್ಯಪ್‌ನಲ್ಲಿ ಕ್ವಿಕ್ ರಿಪ್ಲೈ ಮಾಡಿ ಇಟ್ಟುಕೊಂಡರೆ ಪ್ರತಿ ಸಲ ಟೈಪ್ ಮಾಡುವ ಕೆಲಸ ಇರುವುದಿಲ್ಲ.

ಮೊದಲನೆಯದು, ರವಿಕೆ ಆಗಬೇಕಾದ ಸೀರೆಯ ಒಂದು ಫೋಟೋ ಕಳಿಸಿ, ಬಿಡಿಸಿ ಹಾಸಿ ತೆಗೆದ ಫೋಟೋ ಇರಲಿ. ಎರಡನೆಯದು, ಯಾವ ಕಾರ್ಯಕ್ಕೆ, ಯಾವ ತಾರೀಖಿಗೆ ಬೇಕು? ಮೂರನೆಯದು, ಈಗ ನಿಮಗೆ ರವಿಕೆಯಲ್ಲಿ ಬರುವ ತೊಂದರೆ ಏನು?

ಮೂರನೆಯ ಪ್ರಶ್ನೆಯಲ್ಲೇ ಗಿರಾಕಿ ಯಾರು, ಬೇಟೆಗಾರ ಯಾರು ಅಂತ ತಿಳಿಯುತ್ತದೆ. ಹೊಲಿಸುವವರು ಥಟ್ಟನೆ ಹೇಳುತ್ತಾರೆ: ಭುಜ ಜಾರುತ್ತದೆ, ತೋಳು ಬಿಗಿ, ಹಿಂದಿನ ಕುತ್ತಿಗೆ ಎದ್ದು ನಿಲ್ಲುತ್ತದೆ, ಹೇಳಿದ ದಿನಕ್ಕೆ ಕೊಡುವುದಿಲ್ಲ. ಸುಮ್ನೆ ಬಂದವರು "ಏನೂ ಇಲ್ಲ, ಯಾವಾಗ ಸಿಗುತ್ತದೆ?" ಅನ್ನುತ್ತಾರೆ. ಸೀರೆ ಫೋಟೋ ಗೂಗಲ್‌ನಿಂದ ಎತ್ತಿದ್ದು, ತಾರೀಖು ಇಲ್ಲ, ಕೊರಿಯರ್ ಮಾಡುತ್ತೀರಾ ಅಂತ ಮೊದಲೇ ಕೇಳಿದರು ಅಂದರೆ ಅಲ್ಲಿಗೆ ವಿನಯದಿಂದ ನಿಲ್ಲಿಸಿ. ಮೂರಕ್ಕೂ ಸರಿಯಾಗಿ ಉತ್ತರ ಕೊಟ್ಟವರಲ್ಲಿ ಮೊದಲು ಬಂದ 10 ಜನಕ್ಕೆ ಅಳತೆಯ ದಿನ ಕೊಡಿ. ನಂಬರ್ ಸೇವ್ ಮಾಡಿಕೊಳ್ಳಲು ಹೇಳಿ. ಬ್ರಾಡ್‌ಕಾಸ್ಟ್ ಲಿಸ್ಟ್‌ನಿಂದ ಕಳಿಸುವ ಮೆಸೇಜ್, ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಕೇಳದೆ ಯಾರನ್ನೂ ಗ್ರೂಪಿಗೆ ಸೇರಿಸಬೇಡಿ.

ಚೀಟಿ ಎತ್ತುವುದು ಯಾಕೆ ಬೇಡ

ಇಲ್ಲಿ ಲಕ್ಕಿ ಡ್ರಾ ಇಲ್ಲ ಅನ್ನುವುದನ್ನು ಗಮನಿಸಿರಬಹುದು. ಷರತ್ತು ಪೂರೈಸಿದ 24 ಜನಕ್ಕೂ ಒಂದೇ ಕೊಡುಗೆ. ಮಾರಾಟ ಹೆಚ್ಚಿಸಲು ನಡೆಸುವ ಲಾಟರಿ, ಸ್ಪರ್ಧೆ, ಅದೃಷ್ಟದ ಆಟಗಳನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಯಲ್ಲಿ ಇಟ್ಟಿದೆ. ಇಷ್ಟು ರೂಪಾಯಿಗೆ ಖರೀದಿಸಿದವರಿಗೆ ಒಂದು ಕೂಪನ್, ಆಮೇಲೆ ಡ್ರಾ, ಅನ್ನುವುದು ಎಲ್ಲ ಕಡೆ ನಡೆಯುತ್ತದೆ ಅಂತ ಅದು ಸರಿ ಆಗುವುದಿಲ್ಲ. ಡ್ರಾ ಮಾಡಲೇಬೇಕು ಅನ್ನಿಸಿದರೆ ಮೊದಲು ವಕೀಲರೊಬ್ಬರನ್ನು ಕೇಳಿ.

ಅದೇ ಕಾಯ್ದೆಯಲ್ಲಿ ಇನ್ನೊಂದು ಮಾತಿದೆ: ಬೇರೆ ದಾರಿಯಲ್ಲಿ ದುಡ್ಡು ವಸೂಲಿ ಮಾಡುತ್ತಾ ಉಚಿತ ಅನ್ನುವಂತಿಲ್ಲ. ಹೊಲಿಗೆ ಫ್ರೀ, ಲೈನಿಂಗ್‌ಗೆ ₹200 ಅನ್ನುವ ಪೋಸ್ಟರ್ ಅದೇ ಜಾತಿಯದು. ಉಚಿತ ಅಂದರೆ ಲೈನಿಂಗ್, ಹುಕ್ಕು, ದಾರ ಎಲ್ಲ ಸೇರಿ ಉಚಿತ. ಯಾವುದು ಸೇರಿಲ್ಲವೋ ಅದನ್ನು ಮೊದಲೇ ಬರೆಯಿರಿ. ಪೋಸ್ಟರ್‌ನಲ್ಲಿ ಇಷ್ಟು ಇರಲಿ:

"ನಿಮ್ಮ ಸೀರೆ, ನಮ್ಮ ಹೊಲಿಗೆ. ನಮ್ಮಲ್ಲಿ ಮೊದಲ ಸಲ ಹೊಲಿಸುವವರಿಗೆ ಒಂದು ಸಾದಾ ಲೈನಿಂಗ್ ರವಿಕೆ ಉಚಿತ. ಒಟ್ಟು 24, ಅದರಲ್ಲಿ ವಾಟ್ಸಾಪ್ ಮೂಲಕ 10. ಮನೆಗೆ ಒಂದು. ಅಳತೆಗೆ ಅಂಗಡಿಗೇ ಬರಬೇಕು, ಕೊರಿಯರ್ ಇಲ್ಲ. ಆರಿ ವರ್ಕ್, ಪ್ಯಾಡ್, ಕುಚ್ಚು ಇದರಲ್ಲಿ ಸೇರಿಲ್ಲ. ಕೊನೆಯ ದಿನ ಇಂಥದ್ದು. ನಾವು ಯಾರ ಹತ್ತಿರವೂ ದುಡ್ಡು, ಓಟಿಪಿ ಕೇಳುವುದಿಲ್ಲ. ಇನ್‌ಸ್ಟಾಗ್ರಾಂಗೂ ಈ ಕೊಡುಗೆಗೂ ಸಂಬಂಧ ಇಲ್ಲ."

ಕೊನೆಯ ಎರಡು ಸಾಲು ಬೇಕೇ ಬೇಕು. ಇನ್‌ಸ್ಟಾಗ್ರಾಂಗೆ ಸಂಬಂಧ ಇಲ್ಲ ಅಂತ ಹೇಳುವುದು ಅವರ ನಿಯಮ. ದುಡ್ಡು ಕೇಳುವುದಿಲ್ಲ ಅನ್ನುವುದು ನಿಮ್ಮ ಗಿರಾಕಿಯ ರಕ್ಷಣೆಗೆ. ಗಿವ್‌ಅವೇ ಪೋಸ್ಟ್ ಹಾಕಿದ ಮೇಲೆ ನಿಮ್ಮದೇ ಲೋಗೋ, ಹೆಸರಲ್ಲಿ ಒಂದಕ್ಷರ ಮಾತ್ರ ಬದಲಿಸಿದ ನಕಲಿ ಖಾತೆ ಹುಟ್ಟಬಹುದು. ಅದು ಕಾಮೆಂಟ್ ಮಾಡಿದವರಿಗೆ "ನೀವು ಗೆದ್ದಿದ್ದೀರಿ, ಕೊರಿಯರ್ ಚಾರ್ಜ್ ಕಳಿಸಿ" ಅಂತ ಮೆಸೇಜ್ ಮಾಡುತ್ತದೆ. ದಿನಕ್ಕೊಮ್ಮೆ ನಿಮ್ಮ ಅಂಗಡಿ ಹೆಸರನ್ನು ಹುಡುಕಿ ನೋಡಿ. ನಕಲಿ ಕಂಡರೆ ರಿಪೋರ್ಟ್ ಮಾಡಿ, ಆ ಖಾತೆಯ ಸ್ಕ್ರೀನ್‌ಶಾಟ್ ಅನ್ನು ಸ್ಟೇಟಸ್‌ಗೆ ಹಾಕಿ.

ಅಳತೆಯ ದಿನ

ಸೋಂದಾ, ಹುಲೇಕಲ್, ಬನವಾಸಿ ಕಡೆಯಿಂದ ಬರುವವರು ಬೆಳಗಿನ ಬಸ್ಸಿಗೆ ಬಂದು ಮಧ್ಯಾಹ್ನದ ಬಸ್ಸಿಗೆ ಹೋಗಬೇಕು. ನಡುವೆ ಬ್ಯಾಂಕು, ಸೊಸೈಟಿ, ಔಷಧಿ ಅಂಗಡಿ ಎಲ್ಲ ಇರುತ್ತದೆ. ಅಳತೆಗೆ ಬೆಳಿಗ್ಗೆ 11ರಿಂದ ಮಧ್ಯಾಹ್ನ 2ರವರೆಗಿನ ಹೊತ್ತು ಇಡಿ, ದಿನಕ್ಕೆ ನಾಲ್ಕೇ ಜನ. ಜೋರು ಮಳೆಗೆ ಬಸ್ ಬರದಿದ್ದರೆ ಇನ್ನೊಂದು ದಿನ ಕೊಡಿ. ಮಳೆಯಲ್ಲಿ ನೆಟ್‌ವರ್ಕ್, ಕರೆಂಟ್ ಎರಡೂ ಹೋಗುವ ಹಳ್ಳಿಗಳಿವೆ, ಅದಕ್ಕೇ ಉತ್ತರಿಸಲು ಒಂದು ದಿನ ಅಲ್ಲ, ಒಂದು ವಾರ ಸಮಯ ಇರಬೇಕು.

ಹೆಚ್ಚಿನವರು ಅಳತೆ ರವಿಕೆ ತರುತ್ತಾರೆ. ಅದನ್ನು ಟೇಬಲ್ ಮೇಲೆ ಹಾಸಿ ಟೇಪ್ ಹಿಡಿದು ಮುಗಿಸಬೇಡಿ. ಅದು ಹಳೆಯ ಟೇಲರ್‌ನ ತಪ್ಪನ್ನೂ ಹೊತ್ತು ತಂದಿರುತ್ತದೆ. ಅವರು ಅದನ್ನು ತೊಟ್ಟುಕೊಂಡು ನಿಲ್ಲಲಿ. ಭುಜದ ಹೊಲಿಗೆ ಎಲ್ಲಿ ಕೂರುತ್ತದೆ, ಕೈ ಎತ್ತಿದಾಗ ಕಂಕುಳಲ್ಲಿ ಎಳೆಯುತ್ತದೆಯಾ, ಬೆನ್ನ ಹಿಂದೆ ಬಟ್ಟೆ ಗುಡ್ಡೆಯಾಗುತ್ತದೆಯಾ ನೋಡಿ. ಆಮೇಲೆ ಮೈ ಅಳತೆಯನ್ನೂ ತೆಗೆದುಕೊಳ್ಳಿ. ಪುಸ್ತಕದಲ್ಲಿ ಅಳತೆಯ ಪಕ್ಕ ಅವರ ಮಾತನ್ನೇ ಬರೆಯಿರಿ: "ಎಡ ಭುಜ ಜಾರುತ್ತದೆ. ಹಿಂದೆ ಆಳ ಬೇಡ. ತೋಳು ಮೊಣಕೈವರೆಗೆ." ಬದಿ ಹೊಲಿಗೆಯ ಒಳಗೆ ಒಂದಿಂಚು ಬಟ್ಟೆ ಬಿಡಿ, ಮುಂದೆ ದಪ್ಪ ಆದರೆ ಬಿಚ್ಚಲು ಬರಬೇಕು. ಬಿಟ್ಟಿದ್ದೇವೆ ಅಂತ ಕೊಡುವಾಗ ತೋರಿಸಿ. ಹೊಲಿಗೆ ಗೊತ್ತಿರುವವರು ಮೊದಲು ನೋಡುವುದೇ ಅದನ್ನು.

ಆ ದಿನ ಏನನ್ನೂ ಮಾರಲು ಹೋಗಬೇಡಿ. "ಹಾಗೇ ಒಂದು ಡ್ರೆಸ್ ನೋಡಿ" ಅಂದ ತಕ್ಷಣ ಇದಕ್ಕೇ ಕರೆದಿದ್ದು ಅಂತ ಅನ್ನಿಸಿಬಿಡುತ್ತದೆ. ಮಾತು ಬರುವುದಿದ್ದರೆ ರವಿಕೆ ತೊಟ್ಟು ಕನ್ನಡಿ ಮುಂದೆ ನಿಂತಾಗ ತಾನಾಗಿ ಬರುತ್ತದೆ. ಆಗ ಸರಿ ಇಲ್ಲದ್ದನ್ನು ಅಲ್ಲೇ ಸರಿ ಮಾಡಿಕೊಡಿ, ಬಸ್ಸಿಗೆ ಹೊತ್ತಾಯಿತು ಅಂದರೆ ಮುಂದಿನ ಪೇಟೆ ದಿನಕ್ಕೆ ಖಂಡಿತ ಕೊಡಿ. ಅಳತೆ ಪುಸ್ತಕದ ಪುಟದ ಫೋಟೋ ತೆಗೆದು ಅವರ ವಾಟ್ಸಾಪ್‌ಗೂ ಕಳಿಸಿ. "ಮುಂದಿನ ಸಲ ಬಟ್ಟೆ ಕಳಿಸಿದರೂ ಸಾಕು, ಅಳತೆ ನಮ್ಮಲ್ಲಿದೆ" ಅನ್ನುವ ಒಂದು ಮಾತು ಹಳ್ಳಿಯಿಂದ ಬರುವವರಿಗೆ ದೊಡ್ಡ ಅನುಕೂಲ.

ಕಾರವಾರದಲ್ಲಿ ಅಂಗಡಿ ಇದ್ದರೆ ಹಂಚಿಕೆ ಸ್ವಲ್ಪ ಬದಲಿಸಿ. ಕದಂಬ ನೌಕಾನೆಲೆ, ಕೈಗಾ ಇರುವುದರಿಂದ ವರ್ಗವಾಗಿ ಬಂದ ಕುಟುಂಬಗಳು ಅಲ್ಲಿ ಬಹಳ. ಊರಿಗೆ ಹೊಸಬರು, ಒಳ್ಳೆಯ ಟೇಲರ್ ಎಲ್ಲಿ ಅಂತ ಅವರೇ ಹುಡುಕುತ್ತಿರುತ್ತಾರೆ. ಅವರಿಗೆ ಪೋಸ್ಟರ್ ಹಿಂದಿಯಲ್ಲೂ ಇರಲಿ, ಕಾರ್ಡನ್ನು ಕ್ವಾರ್ಟರ್ಸ್‌ನಲ್ಲಿ ಈಗಾಗಲೇ ಇರುವ ನಿಮ್ಮ ಗಿರಾಕಿಯ ಮೂಲಕ ಕಳಿಸಿ. ಕೆಲವು ವರ್ಷಕ್ಕೆ ಮತ್ತೆ ವರ್ಗವಾಗಿ ಹೋಗುತ್ತಾರೆ ಅನ್ನುವುದು ಲೆಕ್ಕದಲ್ಲಿರಲಿ.

ಗೆದ್ದಿತಾ ಇಲ್ಲವಾ, ಹೇಗೆ ನೋಡುವುದು

ಫಾಲೋವರ್ಸ್ ಎಣಿಸಬೇಡಿ. ಪುಸ್ತಕದಲ್ಲಿ ಪ್ರತಿ ಹೊಸ ಪುಟದ ಮೇಲೆ ಮೂಲೆಯಲ್ಲಿ ಒಂದಕ್ಷರ ಬರೆಯಿರಿ: ಕಾರ್ಡ್ ಮೂಲಕ ಬಂದರೆ ಕಾ, ವಾಟ್ಸಾಪ್ ಆದರೆ ವಾ. ದೀಪಾವಳಿ ಮುಗಿದ ಮೇಲೆ ಕೂತು, ಅವರಲ್ಲಿ ಯಾರು ದುಡ್ಡು ಕೊಟ್ಟು ಎರಡನೇ ಸಲ ಹೊಲಿಸಿದರು ಅಂತ ಮಾತ್ರ ಎಣಿಸಿ.

ನಮ್ಮ ಊಹೆಯ ಅಂಗಡಿಗೆ ಬರೋಣ. 24ರಲ್ಲಿ 20 ಜನ ಬಂದು ಅಳತೆ ಕೊಟ್ಟರು, ಕಾರ್ಡ್‌ನಿಂದ 12, ವಾಟ್ಸಾಪ್‌ನಿಂದ 8. ರವಿಕೆಗಳಿಗೆ ₹6,200, ಹಳೆಯ ಗಿರಾಕಿಗಳ ಫಾಲ್-ಪಿಕೊಗೆ ₹720, ಕಾರ್ಡ್ ಮುದ್ರಣಕ್ಕೆ ₹400. ಒಟ್ಟು ₹7,320. ದೀಪಾವಳಿ ಹೊತ್ತಿಗೆ ಮತ್ತೆ ಬಂದವರು 9 ಜನ. ಅಂದರೆ ಒಬ್ಬ ನಿಜವಾದ ಗಿರಾಕಿಗೆ ಸುಮಾರು ₹813 ಬಿತ್ತು. ರವಿಕೆಗೆ ₹140 ಉಳಿಯುವ ಅಂಗಡಿಗೆ, ಆಕೆ ಆರು ರವಿಕೆ ಹೊಲಿಸಿದರೆ ಹಾಕಿದ್ದು ವಾಪಸ್. ಹಬ್ಬ, ಮದುವೆ, ಮನೆ ಒಕ್ಕಲು ಅಂತ ವರ್ಷದಲ್ಲಿ ಅಷ್ಟು ಹೊಲಿಸುವವರು ಸಾಕಷ್ಟಿದ್ದಾರೆ. ಆರಿ ವರ್ಕ್ ಮಾಡಿಸಿದರೆ ಇನ್ನೂ ಬೇಗ.

9ರ ಬದಲು 4 ಜನ ಮಾತ್ರ ಮತ್ತೆ ಬಂದಿದ್ದರೆ ಒಬ್ಬರಿಗೆ ₹1,830 ಆಗುತ್ತದೆ, ವಾಪಸ್ ಬರಲು 14 ರವಿಕೆ ಬೇಕು. ಅಂಥ ಹೊತ್ತಲ್ಲಿ ಪೋಸ್ಟರ್ ಬದಲಿಸಿ ಪ್ರಯೋಜನ ಇಲ್ಲ. ಬರದೇ ಹೋದವರಲ್ಲಿ ನಾಲ್ಕೈದು ಜನಕ್ಕೆ ಫೋನ್ ಮಾಡಿ, "ರವಿಕೆ ಹೇಗೆ ಕೂತಿದೆ ಅಕ್ಕ?" ಅಂತ ಅಷ್ಟೇ ಕೇಳಿ. ಫಿಟ್ಟಿಂಗ್ ಸರಿ ಬಂದಿಲ್ಲ ಅಂತಲೋ ಹೇಳಿದ ದಿನಕ್ಕೆ ಕೊಡಲಿಲ್ಲ ಅಂತಲೋ ಉತ್ತರ ಬಂದರೆ, ಮುಂದಿನ ಗಿವ್‌ಅವೇ ದುಡ್ಡನ್ನು ಟೇಲರ್‌ಗೆ ಹಾಕಿ.

ಇನ್ನು 9 ಜನ ಯಾವ ದಾರಿಯಿಂದ ಬಂದವರು ಅಂತ ಮೂಲೆಯ ಅಕ್ಷರ ನೋಡಿ. ಕಾ 7, ವಾ 2 ಅಂತ ಇಟ್ಟುಕೊಳ್ಳಿ. ಹಾಗಿದ್ದರೆ ಮುಂದಿನ ಆಷಾಢಕ್ಕೆ ವಾಟ್ಸಾಪ್ ಪಾಲನ್ನು ನಾಲ್ಕಕ್ಕೆ ಇಳಿಸಿ, 20 ಕಾರ್ಡ್ ಮುದ್ರಿಸಿ. ಈ ವರ್ಷ ಮತ್ತೆ ಬಂದ ಆ 9 ಜನರ ಹೆಸರಲ್ಲೂ ಒಂದೊಂದು ಕಾರ್ಡ್ ಬರೆಯಿರಿ.